ಅರ್ಧ ಟ್ಯಾಂಕ್ ಇದ್ದಾಗಲೇ ರಿಸರ್ವ್ ಲೈಟ್

ನನ್ನ ಹಳೇ ಬೈಕಿನಲ್ಲಿ ಪೆಟ್ರೋಲ್ ಅರ್ಧಕ್ಕೆ ಇಳಿದರೆ ಸಾಕು, ಮುಳ್ಳು ದಿಢೀರನೆ ಖಾಲಿಗೆ ಬಿದ್ದು ಲೈಟ್ ಹತ್ತುತ್ತಿತ್ತು. ಮೀಟರ್ ಹೋಗಿದೆ, ಬದಲಾಯಿಸಿ ಅಂದರು ಮೆಕ್ಯಾನಿಕ್.

ಮೊದಲು ಟ್ಯಾಂಕ್ ಕೆಳಗಿನ ಕನೆಕ್ಟರ್ ಬಿಚ್ಚಿದೆ. ಮೀಟರ್ ಕಡೆಯ ಎರಡು ತಂತಿ ಜೋಡಿಸಿದಾಗ ಮುಳ್ಳು ಮೆಲ್ಲಗೆ ಫುಲ್‌ಗೆ ಏರಿತು. (ಕೆಲವು ಗಾಡಿಗಳಲ್ಲಿ ಇದು ಉಲ್ಟಾ.) ಅಂದರೆ ಮೀಟರ್, ವೈರಿಂಗ್ ಎರಡೂ ಸರಿ. ತೊಂದರೆ ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆದು ಮೀಟರ್‌ಗೆ ತಿಳಿಸುವ ಸೆಂಡರ್‌ನದು, ಅಲ್ವಾ?

ಬಯಲಲ್ಲಿ ಪೆಟ್ರೋಲ್ ಪೂರ್ತಿ ಇಳಿಸಿ ಸೆಂಡರ್ ಹೊರತೆಗೆದೆ. ಮಲ್ಟಿಮೀಟರ್ ಹಚ್ಚಿ ಫ್ಲೋಟ್ ಮೆಲ್ಲಗೆ ಇಳಿಸಿದೆ. ಓಮ್ ಒಂದೇ ಸಮ ಏರುತ್ತಾ ಬಂದು ನಡುವೆ ಪೂರ್ತಿ ಕಡಿದುಹೋಯಿತು. ಅಲ್ಲೇ, ಸೆಂಡರ್‌ನ ಕಾಂಟ್ಯಾಕ್ಟ್ ಜಾರುವ ಪಟ್ಟಿಯ ಮೇಲೆ, ಕಪ್ಪು ಕಿಟ್ಟ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಹತ್ತಿಯಿಂದ ಒರೆಸಿದೆ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ. ಈಗ ಮುಳ್ಳು ನಿಧಾನಕ್ಕೆ ಇಳಿಯುತ್ತದೆ. ಲೈಟ್ ಕೂಡ ಇದೇ ಸಿಗ್ನಲ್ ನೋಡುವುದರಿಂದ ಅದೂ ಸರಿಹೋಯಿತು.