ಅಕೌಂಟ್ಸ್ ಮೇಲ್‌ಬಾಕ್ಸ್‌ಗೆ ಕಳ್ಳ ಹೊಕ್ಕಾಗ: ಆಡಳಿತ ಮಂಡಳಿಗೆ ಒಂದೇ ಪುಟದಲ್ಲಿ ಹೇಳಿದ ಬಗೆ

ಯಂತ್ರದ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಒಂದು ಕಾರ್ಖಾನೆ. ಅದರ ಅಕೌಂಟ್ಸ್ ವಿಭಾಗದ ಒಂದು ಮೇಲ್‌ಬಾಕ್ಸ್‌ಗೆ ಹೊರಗಿನವರು ನುಗ್ಗಿದರು. ಪೂರೈಕೆದಾರರೊಬ್ಬರ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ ಸಂಖ್ಯೆ ಕೊಟ್ಟು, ಎರಡು ಸಲಕ್ಕೆ 18.4 ಲಕ್ಷ ರೂಪಾಯಿ ಹಾಕಿಸಿಕೊಂಡರು. ಗೊತ್ತಾಗಿದ್ದು ಶುಕ್ರವಾರ ಮಧ್ಯಾಹ್ನ. ಅಂದೇ ರಾತ್ರಿ 9 ಗಂಟೆಗೆ ಎಂಡಿ, ಸಿಎಫ್‌ಒ ಮತ್ತು ಇಬ್ಬರು ನಿರ್ದೇಶಕರ ಕೈಗೆ ಒಂದು ಪುಟದ ವರದಿ ಹೋಗಬೇಕಿತ್ತು. ಅದನ್ನು ಬರೆಯುವ ಕೆಲಸ ನನ್ನದಾಗಿತ್ತು.

ಐಟಿ ತಂಡದವರು ಮೊದಲು ಬರೆದುಕೊಟ್ಟ ಟಿಪ್ಪಣಿ ಹೀಗೆ ಶುರುವಾಗುತ್ತಿತ್ತು: “ಅಕೌಂಟ್ಸ್ ಬಳಕೆದಾರರ ಸೆಷನ್ ಟೋಕನ್ ಎಐಟಿಎಂ ಫಿಶಿಂಗ್ ಮೂಲಕ ಕಾಂಪ್ರಮೈಸ್ ಆಗಿದ್ದು, ಮಲಿಷಸ್ ಇನ್‌ಬಾಕ್ಸ್ ರೂಲ್ ಕಂಡುಬಂದಿದೆ.” ನಕಲಿ ಲಾಗಿನ್ ಪುಟದ ಮೂಲಕ ಪ್ರವೇಶ ಕದ್ದು, ಮೇಲ್ ತಾನಾಗಿ ಬೇರೆ ಫೋಲ್ಡರ್‌ಗೆ ಹೋಗುವಂತೆ ಮಾಡಿದ್ದಾರೆ ಎಂಬುದು ಇದರ ಅರ್ಥ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸಿಎಫ್‌ಒ ಅವರಿಗೆ ಮೊದಲು ಬೇಕಾದದ್ದು ಎಷ್ಟು ಹಣ ಹೋಯಿತು, ಎಷ್ಟು ಸಿಗಬಹುದು, ಈಗಲೂ ಹೋಗುತ್ತಿದೆಯೇ ಎನ್ನುವುದು. ನಾನು ಬದಲಾಯಿಸಿದ ಮೊದಲ ಪ್ಯಾರಾ ಇದು:

“ನಮ್ಮ ಒಬ್ಬ ಪೂರೈಕೆದಾರರಿಗೆ ಸೇರಬೇಕಿದ್ದ 18.4 ಲಕ್ಷ ರೂಪಾಯಿ ವಂಚಕರ ಖಾತೆಗೆ ಹೋಗಿದೆ. ಅದರಲ್ಲಿ 6.8 ಲಕ್ಷವನ್ನು ಬ್ಯಾಂಕ್ ತಡೆಹಿಡಿದಿದೆ, ಇನ್ನೂ ನಮಗೆ ವಾಪಸ್ ಬಂದಿಲ್ಲ. ನುಗ್ಗಿದವರನ್ನು ಇಂದು ಸಂಜೆ 5:25ಕ್ಕೆ ಹೊರಹಾಕಿದ್ದೇವೆ. ಬೇರೆ ಮೇಲ್‌ಬಾಕ್ಸ್‌ಗಳಿಗೂ ನುಗ್ಗಿದ್ದಾರೆಯೇ ಎಂದು ನೋಡುತ್ತಿದ್ದೇವೆ, ನಾಳೆ ಮಧ್ಯಾಹ್ನ 12ಕ್ಕೆ ಹೇಳುತ್ತೇವೆ.”

“ತಡೆಹಿಡಿದಿದೆ” ಮತ್ತು “ವಾಪಸ್ ಬಂದಿದೆ” ಇವೆರಡರ ನಡುವಿನ ಅಂತರವನ್ನು ಬಿಡಿಸಿ ಹೇಳಲೇಬೇಕು. ಸೈಬರ್ ವಂಚನೆಗಾಗಿಯೇ ಇರುವ 1930 ಸಹಾಯವಾಣಿಗೆ ಬೇಗ ಫೋನ್ ಮಾಡಿದರೆ ಹಣ ಸೇರಿದ ಖಾತೆಯಲ್ಲಿ ಉಳಿದಿರುವಷ್ಟನ್ನು ತಡೆಯುತ್ತಾರೆ. ಅದು ನಮ್ಮ ಖಾತೆಗೆ ಮರಳುವುದು ಆಮೇಲಿನ ಕಾನೂನು ಕ್ರಮ ಮುಗಿದ ಮೇಲೆ. ಇದನ್ನು ಹೇಳದೆ ಬಿಟ್ಟರೆ ನಿರ್ದೇಶಕರು 6.8 ಲಕ್ಷ ಬಂದಾಯಿತು ಎಂದೇ ಲೆಕ್ಕ ಹಿಡಿಯುತ್ತಾರೆ.

ಮುಂದೆ ಕಾಲಾನುಕ್ರಮ. ಇಲ್ಲಿ ಎಡವುವುದು ಹೆಚ್ಚಾಗಿ ಗಡಿಯಾರದ ವಿಷಯದಲ್ಲಿ. ಮೈಕ್ರೋಸಾಫ್ಟ್ 365ರ ಆಡಿಟ್ ದಾಖಲೆಯನ್ನು ಇಳಿಸಿಕೊಂಡರೆ ಅದರಲ್ಲಿರುವ ಸಮಯ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿರುವುದು ನಮ್ಮ ಭಾರತೀಯ ಸಮಯ. ನಮಗೆ ಸಿಕ್ಕ ದಾಖಲೆಯ ಮುಖ್ಯ ಭಾಗ ಇಷ್ಟು:

```
CreationTime : 05:35:00
Operation    : New-InboxRule
Name         : .
MoveToFolder : RSS Feeds
MarkAsRead   : True
```

ಬಂದ ಮೇಲ್ ಅನ್ನು ಓದಿಯಾಗಿದೆ ಎಂದು ಗುರುತು ಹಾಕಿ RSS Feeds ಫೋಲ್ಡರ್‌ಗೆ ಸರಿಸುವ ರೂಲ್ ಒಂದನ್ನು ಹಾಕಿದ ದಾಖಲೆ ಇದು. 05:35 ಎಂದರೆ ನಮ್ಮಲ್ಲಿ ಬೆಳಗ್ಗೆ 11:05. ಐದೂವರೆ ಗಂಟೆ ಕೂಡಿಸದೆ ಹಾಗೆಯೇ ಬರೆದಿದ್ದರೆ, ಉದ್ಯೋಗಿ ಕಚೇರಿಗೇ ಬರುವ ಮುನ್ನ ಮೇಲ್‌ಬಾಕ್ಸ್‌ನಲ್ಲಿ ಯಾರೋ ಕೈಯಾಡಿಸಿದಂತೆ ಕಾಣುತ್ತಿತ್ತು, ಇಡೀ ತನಿಖೆ ದಾರಿ ತಪ್ಪುತ್ತಿತ್ತು. ಯುಟಿಸಿ ಸಂಜೆ 6:30 ದಾಟಿದ ಘಟನೆಗಳಲ್ಲಿ ನಮ್ಮ ತಾರೀಖೇ ಒಂದು ದಿನ ಮುಂದಕ್ಕೆ ಹೋಗುತ್ತದೆ. ಹಾಗಾಗಿ ನಾನು ಎಕ್ಸೆಲ್‌ನಲ್ಲಿ ಮೂಲ ಸಮಯದ ಕಾಲಂ ಅನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಭಾರತೀಯ ಸಮಯದ ಇನ್ನೊಂದು ಕಾಲಂ ಹಾಕುತ್ತೇನೆ, ಮೂರನೆಯದರಲ್ಲಿ ಆ ಸಾಲು ಎಲ್ಲಿಂದ ಬಂತು ಎಂದು ಬರೆಯುತ್ತೇನೆ: ಆಡಿಟ್ ದಾಖಲೆ, ಬ್ಯಾಂಕ್, ಫೋನ್ ಕರೆ, ಯಾರದೋ ನೆನಪು. ನೆನಪಿನಿಂದ ಬಂದದ್ದಕ್ಕೆ “ಸುಮಾರು” ಎಂದು ಸೇರಿಸುತ್ತೇನೆ.

ಎಕ್ಸೆಲ್‌ನಲ್ಲಿ 60ಕ್ಕೂ ಹೆಚ್ಚು ಸಾಲು ಇತ್ತು. ಪುಟದ ಮೇಲೆ ಹೋದದ್ದು ಎಂಟು:

ಸೋಮವಾರ ಬೆಳಗ್ಗೆ 10:42 – ಉದ್ಯೋಗಿ ನಕಲಿ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟು, ಫೋನಿಗೆ ಬಂದ ಅನುಮತಿಯನ್ನೂ ಒತ್ತಿದರು.
ಸೋಮವಾರ 11:05 – ಆ ಪೂರೈಕೆದಾರರ ಮೇಲ್‌ಗಳು ಕಣ್ಣಿಗೆ ಬೀಳದಂತೆ ವಂಚಕರು ಬೇರೆ ಫೋಲ್ಡರ್‌ಗೆ ತಿರುಗಿಸಿದರು.
ಬುಧವಾರ ಸಂಜೆ 4:20 – ಮೊದಲ ಪಾವತಿ, 11.6 ಲಕ್ಷ.
ಶುಕ್ರವಾರ ಮಧ್ಯಾಹ್ನ 12:10 – ಎರಡನೇ ಪಾವತಿ, 6.8 ಲಕ್ಷ.
ಶುಕ್ರವಾರ 3:30 – ನಿಜವಾದ ಪೂರೈಕೆದಾರರು ಫೋನ್ ಮಾಡಿ ಹಣ ಬಂದಿಲ್ಲ ಎಂದರು. ನಮಗೆ ಗೊತ್ತಾಗಿದ್ದು ಆಗ.
ಶುಕ್ರವಾರ 3:50 – 1930ಕ್ಕೆ ಮತ್ತು ಬ್ಯಾಂಕಿಗೆ ದೂರು.
ಶುಕ್ರವಾರ 4:15 – ಪಾಸ್‌ವರ್ಡ್ ಬದಲಾಯಿತು.
ಶುಕ್ರವಾರ 5:25 – ವಂಚಕರ ಎಲ್ಲ ಪ್ರವೇಶ ಕಡಿತ.

ಯಾವ ಸಾಲು ಉಳಿಯಬೇಕು ಎನ್ನುವುದಕ್ಕೆ ನನ್ನ ಲೆಕ್ಕ ಸರಳ. ಕಳ್ಳ ಒಳಗೆ ಬಂದದ್ದು, ನಷ್ಟವಾದದ್ದು, ನಮಗೆ ಗೊತ್ತಾದದ್ದು, ಬಾಗಿಲು ಮುಚ್ಚಿದ್ದು ಇರಲೇಬೇಕು. ನಮ್ಮ ತಂಡ ಏನೇನು ಮಾಡಿತು ಎಂಬ ಉಳಿದ ಸಾಲುಗಳು ಅನುಬಂಧಕ್ಕೆ ಹೋಗುತ್ತವೆ.

ಕೊನೆಯ ಎರಡು ಸಾಲುಗಳ ನಡುವೆ 70 ನಿಮಿಷ ಇದೆ. ಅದನ್ನು ಅಲ್ಲಿಂದ ತೆಗೆದುಬಿಡೋಣ ಎಂಬ ಮಾತು ಬಂತು, ನಾನು ಒಪ್ಪಲಿಲ್ಲ. ಪಾಸ್‌ವರ್ಡ್ ಬದಲಿಸಿದ ತಕ್ಷಣ ಒಳಗಿರುವವರು ಹೊರಗೆ ಬೀಳುವುದಿಲ್ಲ. ಈಗಾಗಲೇ ಸಿಕ್ಕಿರುವ ಅನುಮತಿ ಸಾಮಾನ್ಯವಾಗಿ ಒಂದು ಗಂಟೆಯವರೆಗೂ ನಡೆಯುತ್ತದೆ. ವಂಚಕರು ತಮ್ಮದೇ ಒಂದು ಫೋನನ್ನು ಆ ಖಾತೆಗೆ ಸೇರಿಸಿದ್ದರು, ಅದನ್ನೂ ತೆಗೆಯಬೇಕಿತ್ತು. 4:40ಕ್ಕೆ ಅವರು ಮತ್ತೆ ಮೇಲ್ ಓದಿದ ದಾಖಲೆ ಸಿಕ್ಕಿತ್ತು. ಪುಟದಲ್ಲಿ ಬರೆದದ್ದು: “ಬೀಗ ಬದಲಿಸಿದೆವು, ಆದರೆ ಒಳಗಿದ್ದವರನ್ನು ಹೊರಗೆ ಕಳಿಸಲು ಇನ್ನೂ 70 ನಿಮಿಷ ಬೇಕಾಯಿತು.” ಅದು ಅರ್ಥವಾಗಲಿಲ್ಲ ಎಂದು ಯಾರೂ ಹೇಳಲಿಲ್ಲ.

ಪರಿಣಾಮದ ಭಾಗದಲ್ಲಿ ಹಣವನ್ನು ಹೇಳುವುದು ಸುಲಭ, ಮಾಹಿತಿಯನ್ನು ಹೇಳುವುದು ಕಷ್ಟ. ಯಾವ ಮೇಲ್ ತೆರೆಯಲಾಯಿತು ಎಂಬುದು `MailItemsAccessed` ಎಂಬ ದಾಖಲೆಯಲ್ಲಿ ಸಿಗುತ್ತದೆ. ಅದರಲ್ಲಿ ಎರಡು ಬಗೆ. `Bind` ಎಂದಿದ್ದರೆ ಯಾವ ಮೇಲ್ ಎಂದು ಒಂದೊಂದಾಗಿ ಗುರುತಿಸಬಹುದು. `Sync` ಎಂದಿದ್ದರೆ ಫೋಲ್ಡರ್‌ನ ಹೆಸರು ಮಾತ್ರ ಇರುತ್ತದೆ, ಆ ಫೋಲ್ಡರ್‌ನಲ್ಲಿದ್ದ ಎಲ್ಲವೂ ಅವರ ಕೈಗೆ ಹೋಗಿದೆ ಎಂದೇ ಹಿಡಿಯಬೇಕು. ಒಂದು ಮೇಲ್‌ಬಾಕ್ಸ್‌ನಲ್ಲಿ 24 ಗಂಟೆಯೊಳಗೆ ಸಾವಿರಕ್ಕಿಂತ ಹೆಚ್ಚು `Bind` ದಾಖಲೆ ಆದರೆ ಬರೆಯುವುದೇ ಸ್ವಲ್ಪ ಕಾಲ ನಿಂತುಹೋಗುತ್ತದೆ. ಆಗ ಸಿಕ್ಕ ಎಣಿಕೆ ಪೂರ್ತಿಯಲ್ಲ. ನಮ್ಮಲ್ಲಿ ಸಿಕ್ಕದ್ದೆಲ್ಲ `Bind`, ಒಟ್ಟು 214 ಮೇಲ್.

ನಾಯಕರಿಗೆ ಈ ಪದಗಳು ಬೇಡ, ಆದರೆ ಇವುಗಳಿಂದ ಹೊರಡುವ ವಾಕ್ಯ ಬೇಕು: “214 ಮೇಲ್ ಓದಿರುವುದು ಖಚಿತ. ಅವುಗಳಲ್ಲಿ 9 ಪೂರೈಕೆದಾರರ ಪ್ಯಾನ್ ಮತ್ತು ಬ್ಯಾಂಕ್ ವಿವರ ಇದೆ. ಉದ್ಯೋಗಿಗಳ ಸಂಬಳದ ಫೈಲ್ ಇದೇ ಮೇಲ್‌ಬಾಕ್ಸ್‌ನಲ್ಲಿತ್ತು, ಅದನ್ನು ತೆರೆದ ದಾಖಲೆ ಇಲ್ಲ.” “ಸಂಬಳದ ಫೈಲ್ ಸುರಕ್ಷಿತ” ಎಂದು ನಾನು ಬರೆಯುವುದಿಲ್ಲ. ದಾಖಲೆ ಇಲ್ಲ ಎನ್ನುವುದು ನಮಗೆ ಗೊತ್ತಿರುವ ಸಂಗತಿ. ಸುರಕ್ಷಿತ ಎನ್ನುವುದು ನಾವು ಕಟ್ಟಿಕೊಳ್ಳುವ ನಂಬಿಕೆ. ಮುಂದಿನ ವಾರ ಆ ಫೈಲ್ ಎಲ್ಲಾದರೂ ಕಾಣಿಸಿಕೊಂಡರೆ ಮೊದಲ ವಾಕ್ಯ ಹೇಳಿದವರು ಕೆಟ್ಟವರಾಗುವುದಿಲ್ಲ, ಎರಡನೆಯದನ್ನು ಹೇಳಿದವರ ಮಾತನ್ನು ಮತ್ತೆ ಯಾರೂ ನಂಬುವುದಿಲ್ಲ.

ಕಾನೂನಿನ ಬಾಧ್ಯತೆಗೆ ಒಂದೇ ಸಾಲು ಸಾಕಾಯಿತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆಯನ್ನು ಅದಕ್ಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. 3:30ಕ್ಕೆ ಗೊತ್ತಾಗಿದ್ದರಿಂದ ಗಡುವು ರಾತ್ರಿ 9:30, ಕಳಿಸಿದ್ದು 8:10ಕ್ಕೆ.

ಕಾರಣ ಬರೆಯುವಾಗ “ಉದ್ಯೋಗಿಯ ತಪ್ಪಿನಿಂದ” ಎಂದು ಮುಗಿಸಿಬಿಡುವ ಸೆಳೆತ ಬಲವಾಗಿರುತ್ತದೆ. ಅಲ್ಲಿಗೇ ನಿಂತರೆ ಪರಿಹಾರವೂ “ತರಬೇತಿ ಕೊಡುತ್ತೇವೆ” ಎಂಬಲ್ಲಿಗೇ ನಿಲ್ಲುತ್ತದೆ. ನಾನು ಮೂರು ಪ್ರಶ್ನೆಗೆ ಬೇರೆಬೇರೆ ಉತ್ತರ ಬರೆಯುತ್ತೇನೆ: ಒಳಗೆ ಹೇಗೆ ಬಂದರು, ಹಣ ಹೇಗೆ ಹೋಯಿತು, ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ. ಮೂರನೆಯದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸಾಲ ಮಾಹಿತಿ ಸಂಸ್ಥೆ ಎಕ್ವಿಫ್ಯಾಕ್ಸ್‌ನ 2017ರ ಪ್ರಕರಣ ನೋಡಬೇಕು. ಅಪಾಚೆ ಸ್ಟ್ರಟ್ಸ್ ತಂತ್ರಾಂಶದ ಲೋಪಕ್ಕೆ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು, ಅದನ್ನು ಹಾಕಿರಲಿಲ್ಲ, ಮೇ ತಿಂಗಳಲ್ಲಿ ಕಳ್ಳರು ಒಳಬಂದರು. ಆದರೆ ಜುಲೈ ಕೊನೆಯವರೆಗೂ ಕಣ್ಣಿಗೆ ಬೀಳದೆ ಉಳಿದದ್ದಕ್ಕೆ ಕಾರಣ ಬೇರೆ. ಹೊರಹೋಗುವ ಮಾಹಿತಿಯನ್ನು ಬಿಡಿಸಿ ನೋಡುವ ಸಾಧನದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಆ ಸಾಧನ ಏನನ್ನೂ ನೋಡುತ್ತಿರಲಿಲ್ಲ. ಪ್ರಮಾಣಪತ್ರ ಬದಲಿಸಿದ ದಿನವೇ ಅನುಮಾನದ ಸಂಚಾರ ಕಂಡಿತು. “ಪ್ಯಾಚ್ ಹಾಕಿರಲಿಲ್ಲ” ಎಂದಷ್ಟೇ ಹೇಳಿದರೆ ಆ ಕುರುಡುತನ ಹಾಗೆಯೇ ಉಳಿಯುತ್ತಿತ್ತು.

ನಮ್ಮ ಪುಟದಲ್ಲಿ ಮೂರು ಉತ್ತರ ಹೀಗಿದ್ದವು. ನಕಲಿ ಪುಟವೊಂದು ನಿಜವಾದ ಲಾಗಿನ್ ಅನ್ನು ಹಿಂದಿನಿಂದ ನಡೆಸಿ ಪ್ರವೇಶವನ್ನು ಕದ್ದಿತು. ಫೋನಿನ ಅನುಮತಿ ಇದನ್ನು ತಡೆಯುವುದಿಲ್ಲ. ಬ್ಯಾಂಕ್ ಖಾತೆ ಬದಲಾವಣೆಯನ್ನು ಬರೀ ಮೇಲ್ ನೋಡಿ ಒಪ್ಪಿಕೊಂಡೆವು, ಫೋನ್ ಮಾಡಿ ಕೇಳುವ ನಿಯಮ ನಮ್ಮಲ್ಲಿರಲಿಲ್ಲ. ಮೇಲ್ ತಿರುಗಿಸುವ ಹೊಸ ರೂಲ್ ಬಂದರೆ ಎಚ್ಚರಿಸುವ ವ್ಯವಸ್ಥೆಯೂ ಇರಲಿಲ್ಲ.

ಪರಿಹಾರದ ಪ್ರತಿಯೊಂದು ಸಾಲೂ ಈ ಮೂರರಲ್ಲಿ ಒಂದಕ್ಕೆ ಜೋಡಿಯಾಗಬೇಕು, ಯಾರು ಮತ್ತು ಯಾವಾಗ ಎಂಬುದು ಜೊತೆಗಿರಬೇಕು. ಖಾತೆ ಬದಲಾವಣೆ ಬಂದರೆ ಪೂರೈಕೆದಾರರ ಹಳೆಯ ಫೈಲಿನಲ್ಲಿರುವ ಸಂಖ್ಯೆಗೇ ಫೋನ್ ಮಾಡಬೇಕು, ಮೇಲ್‌ನ ಕೆಳಗಿರುವ ಸಂಖ್ಯೆಗಲ್ಲ; ಸಿಎಫ್‌ಒ, ಸೋಮವಾರದಿಂದ. ಹೊಸ ರೂಲ್‌ಗೆ ಎಚ್ಚರಿಕೆ, ಐಟಿ, ಬುಧವಾರದೊಳಗೆ. ಹಣ ಪಾವತಿಸುವ 14 ಜನರಿಗೆ ಯುಎಸ್‌ಬಿ ಭದ್ರತಾ ಕೀ, ಒಬ್ಬೊಬ್ಬರಿಗೆ ಒಂದು ಹೆಚ್ಚುವರಿ ಸೇರಿ 28. ನಕಲಿ ಪುಟದ ವಿಳಾಸ ಬೇರೆಯಾಗಿರುವುದರಿಂದ ಈ ಕೀ ಅಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಆದರೆ ಹಳೆಯ ಫೋನ್ ಅನುಮತಿಯನ್ನೂ ಪಕ್ಕದಲ್ಲಿ ಉಳಿಸಿಕೊಂಡರೆ ವಂಚಕರು ಅದನ್ನೇ ಕೇಳುತ್ತಾರೆ. ಆದ್ದರಿಂದ ಆಡಳಿತ ಮಂಡಳಿಯಿಂದ ಬೇಕಾದ ನಿರ್ಧಾರವನ್ನು ದಪ್ಪಕ್ಷರದಲ್ಲಿ ಹಾಕಿದೆ: 28 ಕೀ ಕೊಳ್ಳಲು ಒಪ್ಪಿಗೆ, ಮತ್ತು ಈ 14 ಜನರಿಗೆ ಫೋನ್ ಅನುಮತಿ ನಿಲ್ಲಿಸಲು ಒಪ್ಪಿಗೆ.

ಕಳಿಸುವ ಮುನ್ನ ಪುಟವನ್ನು ಐಟಿಗೆ ಸಂಬಂಧವಿಲ್ಲದ ಒಬ್ಬರಿಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ಅವರು ತಡವರಿಸಿದ ಪದಕ್ಕೆ ಗೆರೆ ಹಾಕುತ್ತೇನೆ. ಅಂದು ಖರೀದಿ ವಿಭಾಗದ ಮೇಡಂ ಓದಿದರು. “ರೂಲ್” ಎಂಬಲ್ಲಿ ನಿಂತು, “ಇದು ನಮ್ಮ ಕಂಪನಿಯ ರೂಲಾ ಸರ್?” ಎಂದು ಕೇಳಿದರು. ಆ ಪದವನ್ನು ತೆಗೆದು “ಮೇಲ್ ತಾನಾಗಿ ಬೇರೆ ಫೋಲ್ಡರ್‌ಗೆ ಹೋಗುವ ಏರ್ಪಾಡು” ಎಂದು ಮಾಡಿದೆ. ಉದ್ದವಾಯಿತು, ಆದರೆ ತಪ್ಪು ಅರ್ಥ ಬರುವುದು ತಪ್ಪಿತು.

ಪುಟದ ತಲೆಯಲ್ಲಿ “ಆವೃತ್ತಿ 1, ಶುಕ್ರವಾರ ರಾತ್ರಿ 9 ಗಂಟೆಗೆ ಗೊತ್ತಿದ್ದಷ್ಟು” ಎಂದಿತ್ತು. ಮರುದಿನ 12ಕ್ಕೆ ಆವೃತ್ತಿ 2 ಹೋಯಿತು. ಅದರ ಮೊದಲ ಸಾಲು: “ಬೇರೆ ಯಾವ ಮೇಲ್‌ಬಾಕ್ಸ್‌ನಲ್ಲೂ ಇಂಥ ಪ್ರವೇಶದ ದಾಖಲೆ ಸಿಕ್ಕಿಲ್ಲ.” ಎರಡನೆಯದು: “ನಿನ್ನೆ 9 ಪೂರೈಕೆದಾರರು ಎಂದಿದ್ದೆವು, ಸರಿಯಾದ ಸಂಖ್ಯೆ 11. ಮೇಲ್‌ನೊಳಗೆ ಲಗತ್ತಾಗಿ ಬಂದ ಹಳೆಯ ಮೇಲ್‌ಗಳಲ್ಲಿದ್ದ ಫೈಲ್‌ಗಳನ್ನು ಮೊದಲ ಎಣಿಕೆಯಲ್ಲಿ ಸೇರಿಸಿರಲಿಲ್ಲ. ಹೊಸ ಇಬ್ಬರಿಗೂ ಇಂದು ಬೆಳಗ್ಗೆ ಫೋನ್ ಮಾಡಿ ತಿಳಿಸಿದ್ದೇವೆ.”