ಬೆಲ್ಲದ ಗೋಡೆಯ ಬಗ್ಗೆ ವಿಮರ್ಶೆ ಬರೆದದ್ದು

ಮೈಸೂರಿನ ಗ್ಯಾಲರಿಯೊಂದರಲ್ಲಿ ಮಂಡ್ಯದ ಕಡೆಯ ಯುವ ಕಲಾವಿದರೊಬ್ಬರು ಆಲೆಮನೆಯನ್ನು ವಸ್ತುವಾಗಿಟ್ಟುಕೊಂಡು ರೂಪಿಸಿದ ಪ್ರತಿಷ್ಠಾಪನಾ ಕಲೆಯ ಪ್ರದರ್ಶನವಿತ್ತು. ಅದರ ಬಗ್ಗೆ ಪತ್ರಿಕೆಯೊಂದಕ್ಕೆ ಸುಮಾರು ಐನೂರು ಪದಗಳ ವಿಮರ್ಶೆಯನ್ನು ನಾನು ಬರೆಯಬೇಕಿತ್ತು.

ಬಾಗಿಲ ಬಳಿಯ ಕಲಾವಿದರ ಟಿಪ್ಪಣಿಯನ್ನು ಓದದೆಯೇ ಮೊದಲ ಸುತ್ತು ಹಾಕಿದೆ. ಟಿಪ್ಪಣಿ ಮೊದಲೇ ತಲೆಗೆ ಹೊಕ್ಕರೆ, ಕಣ್ಣು ಅದರಲ್ಲಿ ಹೇಳಿದ್ದನ್ನಷ್ಟೇ ಹುಡುಕತೊಡಗುತ್ತದೆ. ಅಚ್ಚುಬೆಲ್ಲವನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಎದೆಯೆತ್ತರದ ಗೋಡೆ, ಜಿನುಗಿ ನೆಲಕ್ಕೆ ಅಂಟಿಕೊಂಡ ಅದರ ಕೆಳಗಿನ ಸಾಲು, ಇರುವೆಗಳು, ಕೋಣೆ ತುಂಬಿದ ಸಿಹಿ ವಾಸನೆ, ಎದುರು ಗೋಡೆಯ ಮೇಲೆ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ವಿಡಿಯೊ ಮತ್ತು ಅದರ ದೊಡ್ಡ ಸದ್ದು: ಇಷ್ಟನ್ನು ಯಾವ ಗುಣವಿಶೇಷಣವನ್ನೂ ಸೇರಿಸದೆ ಬರೆದುಕೊಂಡೆ. ಪತ್ರಿಕೆಯಲ್ಲಿ ಚಿತ್ರ ಅಂಗೈಯಗಲವೂ ಬರುವುದಿಲ್ಲವಾದ್ದರಿಂದ ಎತ್ತರ, ವಾಸನೆ, ಸದ್ದುಗಳನ್ನು ಪದಗಳೇ ಮುಟ್ಟಿಸಬೇಕು. ಜಗನ್ಮೋಹನ ಅರಮನೆಯಲ್ಲಿರುವ ಹಲ್ದಂಕರರ ದೀಪ ಹಿಡಿದ ಮಹಿಳೆಯ ಜಲವರ್ಣವನ್ನು ಬಲ್ಲ ನಮ್ಮೂರಿನ ಓದುಗರಿಗೆ ‘ಚೌಕಟ್ಟಿನೊಳಗಿನ ಚಿತ್ರ’ ಎಂದರೆ ಸಾಕು, ಒಂದು ಅಂದಾಜು ಸಿಗುತ್ತದೆ. ಬೆಲ್ಲದ ಗೋಡೆಗೆ ಅಂಥ ಆಸರೆಯಿಲ್ಲ.

ಆಮೇಲೆ ಟಿಪ್ಪಣಿ ಓದಿದೆ. ಅದರಲ್ಲಿ ಕಬ್ಬು ಬೆಳೆಗಾರರ ಸಾಲದ ಪ್ರಸ್ತಾಪವಿತ್ತು. ಬೆಲ್ಲ ಕರಗುವುದು ಉದ್ದೇಶಪೂರ್ವಕವೋ ಅಥವಾ ತೇವದ ಹವೆಯಿಂದಾದ ಆಕಸ್ಮಿಕವೋ ಎಂಬುದನ್ನು ತಿಳಿಯದೆ ತೀರ್ಪು ಹೇಳುವಂತಿರಲಿಲ್ಲ. ಹಾಗಾಗಿ ಕಲಾವಿದರನ್ನೇ ಕೇಳಿದೆ. ‘ಬೇಕೂಂತಲೇ ಸರ್, ಮುಗಿಯೋ ಹೊತ್ತಿಗೆ ಗೋಡೆ ವಾಲಬೇಕು’ ಎಂದರು. ಅಲ್ಲಿಗೆ ಒಂದು ಅಳತೆಗೋಲು ಸಿಕ್ಕಿತು: ಕೃತಿ ತಾನೇ ಮಾಡಹೊರಟಿದ್ದನ್ನು ಮಾಡಿದೆಯೇ?

‘ರೈತನ ಬದುಕಿನ ಮನಕಲಕುವ ಚಿತ್ರಣ’ ಎಂಬ ವಾಕ್ಯ ಬಹಳ ಸುಲಭವಾಗಿ ಬರುತ್ತದೆ, ಆದರೆ ಅದನ್ನು ಬೇರಾವುದೇ ಪ್ರದರ್ಶನಕ್ಕೂ ಅಂಟಿಸಬಹುದು. ಅದರ ಬದಲು ಹೀಗೆ ಬರೆದೆ: ‘ಮೇಲಿನ ಸಾಲುಗಳ ಭಾರವನ್ನೆಲ್ಲ ಹೊತ್ತ ಕೆಳಗಿನ ಸಾಲೇ ಮೊದಲು ಕರಗುತ್ತಿರುವುದರಿಂದ, ಗೋಡೆ ಯಾರ ದುಡಿಮೆಯ ಮೇಲೆ ನಿಂತಿದೆ ಎಂಬ ಪ್ರಶ್ನೆ ಮಾತಿಲ್ಲದೆಯೇ ಏಳುತ್ತದೆ.’ ಇಲ್ಲಿ ವರ್ಣನೆಯನ್ನು ಕಿತ್ತರೆ ತೀರ್ಪು ನಿಲ್ಲುವುದಿಲ್ಲ. ಆಕ್ಷೇಪಕ್ಕೂ ಇದೇ ನಿಯಮ. ವಿಡಿಯೊ ‘ಅನಗತ್ಯ’ ಎಂದಷ್ಟೇ ಹೇಳದೆ, ಬೆಲ್ಲ ತಾನಾಗಿ ಹೇಳುತ್ತಿದ್ದುದನ್ನೇ ಅದು ಮತ್ತೆ ವಿವರಿಸುತ್ತದೆ, ಅದರ ಸದ್ದಿಗೆ ನೋಡುಗರು ಗೋಡೆಗೆ ಬೆನ್ನು ಹಾಕಿ ನಿಲ್ಲುತ್ತಾರೆ ಎಂದು ಕಂಡದ್ದನ್ನು ಬರೆದೆ. ಸಾಲದ ವಿಷಯ ಟಿಪ್ಪಣಿಯಲ್ಲಿದೆಯೇ ಹೊರತು ಕೋಣೆಯಲ್ಲಿ ಎಲ್ಲೂ ಕಾಣುವುದಿಲ್ಲ ಎಂಬುದನ್ನೂ ಸೇರಿಸಿದೆ.

ಜಾಗ ಸಾಲದಾದಾಗ ಪುಟ ಕಟ್ಟುವವರು ಸಾಮಾನ್ಯವಾಗಿ ಕೊನೆಯಿಂದ ಕತ್ತರಿಸುತ್ತಾರೆ. ಹೊಗಳಿಕೆಯೆಲ್ಲ ಮೇಲೆ, ಆಕ್ಷೇಪವೆಲ್ಲ ಕೆಳಗೆ ಇದ್ದರೆ ಅಚ್ಚಾಗುವುದು ಬರೀ ಹೊಗಳಿಕೆ. ಅದಕ್ಕಾಗಿ ವಿಡಿಯೊದ ಮಾತನ್ನು ಎರಡನೆಯ ಪ್ಯಾರಾದಲ್ಲಿ, ಗೋಡೆಯ ವರ್ಣನೆಗೆ ತಾಗಿದಂತೆಯೇ ಇಟ್ಟು, ಪ್ರದರ್ಶನದ ವೇಳೆ ಮತ್ತು ವಿಳಾಸವನ್ನು ಕೊನೆಗೆ ತಳ್ಳಿದೆ.