ಒಂದರಿಂದ ಅಲ್ಲ, ಸೊನ್ನೆಯಿಂದ: ಡ್ರಿಪ್ ಹನಿ ಎಣಿಸಿದ ನನ್ನ ಅನುಭವ

ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್ ಆಗಿ ಹನ್ನೊಂದು ವರ್ಷ ಆಯಿತು. ಈಗ ನಮ್ಮ ವಾರ್ಡಿನಲ್ಲಿ ರಾತ್ರಿ ಒಂಬತ್ತಕ್ಕೆ ಹಾಕಿದ ಬಾಟಲ್ ಮೂರೂಕಾಲಿಗೆ ಮುಗಿಯಬೇಕು ಅಂದರೆ, ಹತ್ತು ಹದಿನೈದು ನಿಮಿಷ ಆಚೀಚೆ ಅಷ್ಟೇ, ಮುಗಿಯುತ್ತದೆ. ಇದಕ್ಕೆ ಪಂಪ್ ಬಳಸುವುದಿಲ್ಲ. ಟ್ಯೂಬ್ ಒತ್ತಿ ಹನಿ ಹೊಂದಿಸುವ ರೋಲರ್ ಮತ್ತು ಕೈಗಡಿಯಾರ ಮಾತ್ರ. "ಇಪ್ಪತ್ತು ವರ್ಷದಿಂದ ಕಣ್ಣಳತೆಯಲ್ಲೇ ಹಾಕ್ತಾ ಇದ್ದೀನಿ, ನೀನು ಗಡಿಯಾರ ಹಿಡ್ಕೊಂಡು ಹೊಸದೇನು ಮಾಡ್ತೀಯ" ಅಂದಿದ್ದ ಇನ್‌ಚಾರ್ಜ್ ಸಿಸ್ಟರ್ ಈಗ ಹೊಸ ಹುಡುಗಿಯರನ್ನು ನನ್ನ ಹತ್ತಿರವೇ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಒಂದು ಡೆಂಗಿ ಸೀಸನ್ನಿನಲ್ಲಿ. ಮಳವಳ್ಳಿ ಕಡೆಯ ವಯಸ್ಸಾದ ಒಬ್ಬ ರೈತರು ಅಡ್ಮಿಟ್ ಆಗಿದ್ದರು. ಆರ್‌ಎಲ್ ಅನ್ನುವ ಫ್ಲೂಯಿಡ್ 500 ಎಂಎಲ್, ಗಂಟೆಗೆ 80 ಎಂಎಲ್ ಅಂತ ಆರ್ಡರ್. ಲೆಕ್ಕ ನಿಮಗೆಲ್ಲ ಗೊತ್ತಿರೋದೇ, ದೊಡ್ಡವರ ಡ್ರಿಪ್ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ. 80 × 20 ÷ 60, ಅಂದರೆ ಮೂರರಿಂದ ಭಾಗಿಸಿದರೆ ಸಾಕು, 26.7 ಬರುತ್ತದೆ, ನಿಮಿಷಕ್ಕೆ 27 ಹನಿ ಅಂತ ಇಟ್ಟುಕೊಳ್ಳುತ್ತೇವೆ. ಜೂನಿಯರ್ ಹುಡುಗಿ ಸರಿಯಾಗಿಯೇ 27 ಎಣಿಸಿದ್ದಳು. ಆದರೆ ಆವತ್ತು ದೊಡ್ಡವರ ಸೆಟ್ ಖಾಲಿಯಾಗಿತ್ತು. ಸ್ಟೋರಿನಿಂದ ಬಂದದ್ದು ಮೈಕ್ರೋ ಸೆಟ್. ಅದರಲ್ಲಿ ಒಂದು ಎಂಎಲ್‌ಗೆ 60 ಹನಿ. 27 ಹನಿ ಅಂದರೆ ಗಂಟೆಗೆ 27 ಎಂಎಲ್ ಅಷ್ಟೇ. ಅದರಲ್ಲಿ ನಿಮಿಷಕ್ಕೆ 80 ಹನಿಯೇ ಬೀಳಬೇಕಿತ್ತು.

ಬೆಳಗಿನ ಜಾವ ಮೂರು ಗಂಟೆಗೆ ಅವರ ಸೊಸೆ ಬಂದು, "ಬಾಟ್ಲು ಇನ್ನೂ ಅರ್ಧದ ಮೇಲೈತಲ್ಲ ಸಿಸ್ಟರ್, ನೋಡಿ ಬನ್ನಿ" ಅಂದರು. ಹೋಗಿ ನೋಡಿದರೆ 340ರ ಹತ್ತಿರ ಉಳಿದಿದೆ. ಆರು ಗಂಟೆಯಲ್ಲಿ 480 ಹೋಗಬೇಕಿತ್ತು, ಹೋಗಿದ್ದು 160. ಮೂತ್ರ ಕಡಿಮೆ ಆಗಿತ್ತು. ಹುಡುಗಿ ಗಾಬರಿಯಲ್ಲಿ ರೋಲರ್ ಪೂರ್ತಿ ಬಿಡಲು ಹೋದಳು. ನಾನು ಕೈ ಹಿಡಿದೆ. ಹಿಂದೆ ಬಿದ್ದ ಫ್ಲೂಯಿಡನ್ನು ಒಮ್ಮೆಲೇ ಓಡಿಸಿದರೆ ಅಂಥ ವಯಸ್ಸಿನವರ ಶ್ವಾಸಕೋಶಕ್ಕೆ ನೀರು ತುಂಬಬಹುದು. ಡ್ಯೂಟಿ ಡಾಕ್ಟರನ್ನು ಎಬ್ಬಿಸಿದೆವು. ಅವರು ಬಂದು ಪರೀಕ್ಷೆ ಮಾಡಿ ಹೊಸ ಆರ್ಡರ್ ಬರೆದರು. ಅಜ್ಜ ಹುಷಾರಾಗಿ ಮನೆಗೆ ಹೋದರು. ನನಗೆ ಮಾತ್ರ ಎರಡು ದಿನ ನಿದ್ದೆ ಬರಲಿಲ್ಲ.

ಮೊದಲು ಮಾಡಿದ್ದು ಗೋಡೆಗೆ ಚಾರ್ಟ್. ಒಂದು ಎಂಎಲ್‌ಗೆ 15, 20, 60 ಹನಿ ಬೀಳುವ ಸೆಟ್ಟುಗಳಿಗೆ ಮೂರು ಕಾಲಂ. ಒಂದು ವಾರ ಎಲ್ಲರೂ ನೋಡಿದರು. ಆಮೇಲೆ ನೋಡಿದವರೂ ಅವಸರದಲ್ಲಿ ಪಕ್ಕದ ಕಾಲಂ ಓದಿದರು. ಆಮೇಲೆ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಅದರಲ್ಲಿ ಮೊದಲೇ 15 ಅಂತ ಕೂತಿತ್ತು, ನಾನು ಬದಲಿಸಲಿಲ್ಲ. 80 ಕೊಟ್ಟರೆ 20 ಹನಿ ಅಂತ ಬಂತು. ನಮ್ಮ ಸೆಟ್ 20ರದ್ದು. ನಿಮಿಷಕ್ಕೆ ಒಂದು ಎಂಎಲ್, ಗಂಟೆಗೆ 60. ಮತ್ತೆ ಕಡಿಮೆ! ಅದನ್ನು ಆವತ್ತೇ ತೆಗೆದು ಹಾಕಿದೆ.

ದುಡ್ಡೂ ಹೋಯಿತು. ಟ್ಯೂಬಿಗೆ ಸಿಕ್ಕಿಸಿ ಗಂಟೆಗೆ ಇಷ್ಟು ಅಂತ ತಿರುಗಿಸುವ ಡಯಲ್ ಬರುತ್ತದಲ್ಲ, ಅದನ್ನು ನಾಲ್ಕು ತರಿಸಿದೆ. ಎಲ್ಲ ಸೇರಿ ಐನೂರರ ಆಸುಪಾಸು, ಸ್ವಂತ ದುಡ್ಡು. 80ಕ್ಕೆ ತಿರುಗಿಸಿದರೆ ಒಂದು ಬೆಡ್ಡಿನಲ್ಲಿ 65ರಷ್ಟು ಹೋಗುತ್ತಿತ್ತು, ಇನ್ನೊಂದರಲ್ಲಿ 90 ದಾಟುತ್ತಿತ್ತು. ಆ ಅಂಕಿಗಳು ಬಾಟಲ್ ಒಂದು ನಿರ್ದಿಷ್ಟ ಎತ್ತರದಲ್ಲಿದ್ದಾಗ ಮಾತ್ರ ಸರಿ. ನಮ್ಮ ಸ್ಟ್ಯಾಂಡುಗಳಲ್ಲಿ ಎರಡು ಒಂದೇ ಎತ್ತರ ಇಲ್ಲ. ಡಯಲ್ ಇದ್ದರೂ ಹನಿ ಎಣಿಸಲೇಬೇಕು ಅಂತಾದ ಮೇಲೆ ಅದು ಯಾಕೆ ಬೇಕು? ಪೇಟೆ ಬೀದಿಯಲ್ಲಿ ಸೆಕೆಂಡ್ ಮುಳ್ಳಿರುವ ಒಂದು ವಾಚ್ ತಗೊಂಡೆ, ಮುನ್ನೂರೈವತ್ತೇನೋ ಕೊಟ್ಟ ನೆನಪು. ಈ ಕೆಲಸಕ್ಕೆ ನಾನು ಕೊಟ್ಟ ದುಡ್ಡಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಎಣಿಸುವುದರಲ್ಲೇ ತೊಂದರೆ ಇತ್ತು. ನಾವೆಲ್ಲ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತೇವೆ. 27 ಹನಿಗೆ 15 ಸೆಕೆಂಡಿನಲ್ಲಿ ಆರೂಮುಕ್ಕಾಲು ಹನಿ ಬೀಳಬೇಕು. ಮುಕ್ಕಾಲು ಹನಿ ಎಲ್ಲಿ ಬೀಳುತ್ತದೆ? ಆರು ಕಂಡರೆ 24 ಅಂತ ಬರೆಯುತ್ತೇವೆ, ಏಳು ಕಂಡರೆ 28. ಎಂಎಲ್ ಲೆಕ್ಕದಲ್ಲಿ ಒಂದು 72, ಇನ್ನೊಂದು 84. ಪೂರ್ತಿ ನಿಮಿಷ ಎಣಿಸೋಣ ಅಂದರೆ ಅಷ್ಟರಲ್ಲಿ ಪಕ್ಕದ ಬೆಡ್ಡಿನವರು ಕರೆಯುತ್ತಾರೆ, ಎಣಿಕೆ ತಪ್ಪುತ್ತದೆ.

ಆಗ ತಿರುಗಿಸಿ ಯೋಚಿಸಿದೆ. ಇಷ್ಟು ಹೊತ್ತಿಗೆ ಎಷ್ಟು ಹನಿ ಅಂತ ಕೇಳುವ ಬದಲು, ಹತ್ತು ಹನಿಗೆ ಎಷ್ಟು ಹೊತ್ತು ಅಂತ ಕೇಳಿದರೆ? 20ರ ಸೆಟ್ಟಿಗೆ 1800ನ್ನು ಗಂಟೆಯ ಎಂಎಲ್‌ನಿಂದ ಭಾಗಿಸಿದರೆ ಸೆಕೆಂಡ್ ಸಿಗುತ್ತದೆ. 80ಕ್ಕೆ 22.5 ಸೆಕೆಂಡ್. 100ಕ್ಕೆ 18, 60ಕ್ಕೆ 30. ಮೈಕ್ರೋ ಸೆಟ್ಟಿಗೆ 1800ರ ಜಾಗದಲ್ಲಿ 600, 15ರ ಸೆಟ್ಟಿಗೆ 2400. ಮೂರರಿಂದ ಭಾಗಿಸಿ ಚಾರ್ಟಿನಲ್ಲಿ 27 ಅಂತ ಬರೆಯುವುದು, ಹತ್ತು ಹನಿಗೆ 22.5 ಸೆಕೆಂಡ್ ಬರುವವರೆಗೆ ರೋಲರ್ ಹೊಂದಿಸುವುದು. ಲೆಕ್ಕ ಚೆನ್ನಾಗಿಯೇ ಇತ್ತು.

ಆದರೆ ಬಾಟಲ್ ಮುಗಿಯಲಿಲ್ಲ. ಮೂರೂಕಾಲಿಗೆ ನೋಡಿದರೆ 50 ಎಂಎಲ್ ಉಳಿದಿರುತ್ತಿತ್ತು. ಮಾರನೇ ದಿನವೂ 50. ಬೇರೆ ಬೆಡ್ಡಿನಲ್ಲೂ ಅಷ್ಟೇ. ಲೈನ್ ಬದಲಿಸುವಾಗ ಉಳಿದದ್ದನ್ನು ಎಸೆಯಬೇಕು, ದುಡ್ಡು ಪೇಷಂಟಿನದು. ಇನ್‌ಚಾರ್ಜ್ ಸಿಸ್ಟರ್ ಅದನ್ನೇ ಎತ್ತಿ ತೋರಿಸಿ, "ನೋಡು, ನನ್ನ ಕಣ್ಣಳತೆನೇ ವಾಸಿ" ಅಂದರು. ಸುಮಾರು ಮೂರು ವಾರ ಹೀಗೇ ನಡೆಯಿತು.

ಸೆಟ್ಟಿನ ಹನಿಯೇ ಸಣ್ಣದಿರಬೇಕು ಅಂದುಕೊಂಡೆ. ಡೇಟ್ ಮುಗಿದ ನಾಲ್ಕೈದು ಸೆಟ್ ಮನೆಗೆ ತಂದು, ಬಾಗಿಲ ಚಿಲಕಕ್ಕೆ ಬಾಟಲ್ ಕಟ್ಟಿ, 10 ಎಂಎಲ್ ಸಿರಿಂಜಿನ ತುದಿ ಮುಚ್ಚಿ ಅದರೊಳಕ್ಕೆ 200 ಹನಿ ಬಿಟ್ಟೆ. 20ರ ಸೆಟ್ಟಾದರೆ ಸರಿಯಾಗಿ 10ರ ಗೆರೆಗೆ ಬರಬೇಕು. ಒಂದರಲ್ಲಿ ಒಂಬತ್ತೂಮುಕ್ಕಾಲು ಬಂತು, ಇನ್ನೊಂದರಲ್ಲಿ ಹತ್ತರ ಮೇಲೆ ಸ್ವಲ್ಪ. ರೋಲರ್ ಜಾಸ್ತಿ ಬಿಟ್ಟು ಎಣಿಸಿದರೆ ಹನಿ ಸ್ವಲ್ಪ ದಪ್ಪ ಆಗುತ್ತಿತ್ತು. ಸೆಟ್ ತಯಾರಿಸುವವರಿಗೂ 20 ಹನಿಗೆ ಒಂದು ಎಂಎಲ್, ಅದರಲ್ಲಿ ಹತ್ತನೇ ಒಂದು ಭಾಗ ಆಚೀಚೆ ಅಂತ ಅವಕಾಶ ಇದೆ. ಆದರೆ ಆಚೆಗೂ ಈಚೆಗೂ ಹೋಗಬೇಕಲ್ವಾ? ನನಗೆ ಪ್ರತಿ ಸಲವೂ ಕಡಿಮೆಯೇ ಹೋಗುತ್ತಿತ್ತು. ಹಾಗಾಗಿ ತಪ್ಪು ಸೆಟ್ಟಿನದ್ದಲ್ಲ.

ಉತ್ತರ ಸಿಕ್ಕಿದ್ದು ಊರಲ್ಲಿ. ತಮ್ಮ ತೋಟಕ್ಕೆ ಕಲ್ಲುಕಂಬದ ಬೇಲಿ ಹಾಕಿಸುತ್ತಿದ್ದ. ಹತ್ತು ಅಂಕಣ ಬೇಕು ಅಂತ ಹತ್ತು ಕಂಬ ತರಿಸಿದ್ದ. ಕಂಬ ನೆಡುವವರು, "ಹತ್ತು ಕಂಬಕ್ಕೆ ಒಂಬತ್ತೇ ಅಂಕಣ ಕಣಣ್ಣ, ಇನ್ನೊಂದು ತರ್ಸು" ಅಂದರು. ಕಾಫಿ ಲೋಟ ಹಿಡಿದು ನಿಂತಿದ್ದವಳು ಅಲ್ಲೇ ನಿಂತುಬಿಟ್ಟೆ. ನಾನೂ ಅದನ್ನೇ ಮಾಡುತ್ತಿದ್ದೆ. ಹನಿ ಬಿದ್ದ ತಕ್ಷಣ ವಾಚ್ ನೋಡಿ "ಒಂದು" ಅನ್ನುತ್ತಿದ್ದೆ. ಹತ್ತು ಅನ್ನುವಾಗ ಆಗಿರೋದು ಒಂಬತ್ತು ಅಂತರ ಮಾತ್ರ. ಒಂಬತ್ತು ಅಂತರವನ್ನು 22.5 ಸೆಕೆಂಡಿಗೆ ಹೊಂದಿಸಿದರೆ ಒಂದೊಂದು ಹನಿಗೆ ಎರಡೂವರೆ ಸೆಕೆಂಡ್ ಆಯಿತು, ಅಂದರೆ ನಿಮಿಷಕ್ಕೆ 24 ಹನಿ, ಗಂಟೆಗೆ 72 ಎಂಎಲ್. ಆರೂಕಾಲು ಗಂಟೆಗೆ 450. ಉಳಿಯೋದು 50! ಲೆಕ್ಕ ಹಾಗೇ ಕೂತಿತು.

ಆವತ್ತಿನಿಂದ ಮೊದಲ ಹನಿಗೆ ಸೊನ್ನೆ. ಹನಿ ಬಿದ್ದಾಗ ಮುಳ್ಳು ನೋಡಿ "ಸೊನ್ನೆ", ಆಮೇಲೆ ಒಂದು, ಎರಡು. ಬಾಯಲ್ಲಿ ಜೋರಾಗಿಯೇ ಹೇಳುತ್ತೇನೆ, ಪೇಷಂಟ್ ಕಡೆಯವರು ನೋಡಿದರೂ ಪರವಾಗಿಲ್ಲ. ಮೊದಲನೇ ರಾತ್ರಿಯೇ ಬಾಟಲ್ ಮೂರೂ ಇಪ್ಪತ್ತಕ್ಕೆ ಮುಗಿಯಿತು. ಆ ತಿಂಗಳು ನಲವತ್ತು ಬಾಟಲ್ ಬರೆದಿಟ್ಟೆ, ಮೂವತ್ತೈದರಷ್ಟು ಮುಗಿಯಬೇಕಾದ ಹೊತ್ತಿಗೆ ಕಾಲು ಗಂಟೆ ಆಚೀಚೆಯೊಳಗೆ ಮುಗಿದವು. ಮಿಕ್ಕವು ಪೇಷಂಟ್ ಬಾತ್‌ರೂಮಿಗೆ ಹೋಗಿ ಬಂದದ್ದು, ಕೈ ಮಡಚಿ ಮಲಗಿದ್ದು, ಅಂಥವು.

ಇದರ ಜೊತೆ ಎರಡು ಕೆಲಸ ಬಿಡುವುದಿಲ್ಲ. ಸೆಟ್ಟಿನ ಕವರ್ ಹರಿಯುವ ಮುಂಚೆ ಅದರ ಮೇಲಿನ ಹನಿ ಅಂಕಿ ಓದಿ, ಹನಿ ಬೀಳುವ ಚೇಂಬರಿನ ಮೇಲ್ಭಾಗಕ್ಕೆ ಪ್ಲಾಸ್ಟರ್ ಅಂಟಿಸಿ 20 ಅಥವಾ 60 ಅಂತ ಬರೆಯುತ್ತೇನೆ. ಕವರ್ ಕಸದ ಬುಟ್ಟಿಗೆ ಹೋದ ಮೇಲೆ ಆ ಅಂಕಿ ಹೇಳುವವರು ಯಾರೂ ಇರುವುದಿಲ್ಲ. ರಕ್ತದ ಸೆಟ್ಟಿನಲ್ಲಿ 15 ಇರುವುದೂ ಉಂಟು, 20 ಇರುವುದೂ ಉಂಟು, ಅದನ್ನಂತೂ ಓದದೆ ಹಾಕುವುದೇ ಇಲ್ಲ.

ಎರಡನೆಯದು ಬಾಟಲಿಗೆ ಉದ್ದ ಪ್ಲಾಸ್ಟರ್. ಅದರ ಮೇಲೆ ಗಂಟೆಗಳನ್ನು ಬರೆಯುತ್ತೇನೆ. ಒಂಬತ್ತಕ್ಕೆ 500ರಲ್ಲಿ ಶುರುವಾದರೆ ಹತ್ತಕ್ಕೆ 420ರ ಹತ್ತಿರ ಗೆರೆ, ಹನ್ನೊಂದಕ್ಕೆ 340, ಹೀಗೆ ಮೂರಕ್ಕೆ 20. ಆ ಮಳವಳ್ಳಿ ಅಜ್ಜನ ಬಾಟಲಿಗೆ ಈ ಪ್ಲಾಸ್ಟರ್ ಇದ್ದಿದ್ದರೆ ಹತ್ತು ಗಂಟೆಗೇ ಗೊತ್ತಾಗುತ್ತಿತ್ತು, 420 ಇರಬೇಕಾದ ಕಡೆ 470 ಇದೆ ಅಂತ. ಮೂರು ಗಂಟೆಗೆ ಇದ್ದ ಮಟ್ಟ ಹನ್ನೊಂದರ ಗೆರೆಯದ್ದು.

ರೋಲರ್ ಹೊಂದಿಸಿ ಹತ್ತು ನಿಮಿಷಕ್ಕೆ ಮತ್ತೊಮ್ಮೆ ಎಣಿಸಲೇಬೇಕು. ಒತ್ತಿದ ಟ್ಯೂಬ್ ಮೆಲ್ಲಗೆ ಆಕಾರ ಬದಲಿಸಿ ಹನಿ ಬದಲಾಗುತ್ತದೆ. ಅದು ಬದಲಾಗದ ಹಾಗೆ ರೋಲರ್ ಇಡುವ ಒಂದು ರೀತಿ ನನ್ನ ಹತ್ತಿರ ಇದೆ. ಅದನ್ನು ನನ್ನ ಜೊತೆ ನೈಟ್ ಡ್ಯೂಟಿ ಮಾಡಿದವರಿಗೆ ಕೈಯಲ್ಲೇ ತೋರಿಸುತ್ತೇನೆ, ಬರೆದು ಹೇಳಲು ಆಗಲ್ಲ. ಬಾಟಲ್ ಹಿಂದೆ ಬಿದ್ದರೆ ಡಾಕ್ಟರಿಗೆ ಹೇಳದೆ ಹನಿ ಹೆಚ್ಚಿಸುವುದಿಲ್ಲ. ಪೊಟ್ಯಾಸಿಯಂ, ಡೋಪಮಿನ್, ಇನ್ಸುಲಿನ್ ಇರುವುದಕ್ಕೆ ನನ್ನ ಸೊನ್ನೆಯೂ ಬೇಡ, ವಾಚೂ ಬೇಡ. ಅದು ಪಂಪಿನ ಕೆಲಸ. ನಮ್ಮಲ್ಲಿರುವ ಎರಡು ಪಂಪ್ ಖಾಲಿ ಇಲ್ಲದಿದ್ದರೆ ಮೇಲಿನ ಐಸಿಯುಗೆ ಫೋನ್ ಮಾಡುತ್ತೇನೆ.

ಈಗ ಡ್ಯೂಟಿ ಬದಲಾಗುವಾಗ ಬಾಟಲ್ ಬಾಟಲ್ ನೋಡಿಯೇ ಹ್ಯಾಂಡೋವರ್ ಕೊಡುತ್ತೇವೆ. ಹೋದ ವಾರ ಆ ಜೂನಿಯರ್ ಹುಡುಗಿಯೇ ಹೊಸಬಳೊಬ್ಬಳ ಪಕ್ಕ ನಿಂತು, ಚೇಂಬರಿಗೆ ಬೆರಳು ತೋರಿಸಿ ಹೇಳುತ್ತಿದ್ದಳು, "ಈ ಹನಿ ಬಿತ್ತಲ್ಲ, ಇದು ಸೊನ್ನೆ."